ಮೂರನೆಯ ದಿನದ ಸಾಕ್ಷ್ಯ: ಶ್ರೋಣಿ ಉರಿಯೂತದ ಹೊರರೋಗಿ ಚಿಕಿತ್ಸೆಯ ಚರಿತ್ರೆಗೆ ಒಂದು ತಿದ್ದುಪಡಿ

ವೈದ್ಯರು ಪಿಐಡಿ ಎನ್ನುವ ಶ್ರೋಣಿ ಉರಿಯೂತವು ಗರ್ಭಕಂಠದಿಂದ ಮೇಲೇರಿ ಗರ್ಭಕೋಶ, ಗರ್ಭನಾಳ, ಅಂಡಾಶಯಗಳನ್ನು ಹಿಡಿಯುವ ಸೋಂಕು. ಗೊನೊರಿಯಾ ಮತ್ತು ಕ್ಲಮೈಡಿಯ ರೋಗಾಣುಗಳು ಇದನ್ನು ಆರಂಭಿಸಬಹುದು. ಆಮ್ಲಜನಕವಿಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಗಳೂ ಜೊತೆಗೂಡುತ್ತವೆ. ಗರ್ಭನಾಳದೊಳಗೆ ಯಾವುದು ಇದೆಯೆಂದು ಹೊರರೋಗಿ ವಿಭಾಗದಲ್ಲಿ ಕೂತು ತಿಳಿಯಲಾಗದು. ಆದ್ದರಿಂದ ಎಲ್ಲಕ್ಕೂ ಒಟ್ಟಿಗೆ ಮದ್ದು ಕೊಡುವುದು ರೂಢಿ: ಗೊನೊರಿಯಾಕ್ಕೆ ಸೆಫಲೊಸ್ಪೋರಿನ್, ಕ್ಲಮೈಡಿಯಕ್ಕೆ ಡಾಕ್ಸಿಸೈಕ್ಲಿನ್, ಮೂರನೆಯ ಗುಂಪಿಗೆ ಮೆಟ್ರೊನಿಡಜೋಲ್.

ವಿವಾದವಿರುವುದು ಈ ಮೂರನೆಯ ಮದ್ದಿನ ಬಗ್ಗೆ. ಅದು ಬೇಡವೆನ್ನುವವರು ಅಮೆರಿಕದಲ್ಲಿ 831 ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ‘ಪೀಚ್’ ಅಧ್ಯಯನವನ್ನು ಮುಂದಿಡುತ್ತಾರೆ. ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳದ ಮೂಲಕ ಮದ್ದು ಪಡೆದವರಲ್ಲೂ, ಒಂದು ಸೆಫಾಕ್ಸಿಟಿನ್ ಚುಚ್ಚುಮದ್ದು ಹಾಕಿಸಿಕೊಂಡು ಡಾಕ್ಸಿಸೈಕ್ಲಿನ್ ಮಾತ್ರೆಯೊಂದಿಗೆ ಮನೆಗೆ ಹೋದವರಲ್ಲೂ ಮುಂದೆ ಗರ್ಭ ಧರಿಸಿದವರ ಪ್ರಮಾಣ ಸುಮಾರು ಶೇ 42. ಇಲ್ಲಿಂದ ‘ಎರಡು ಮದ್ದು ಸಾಕು’ ಎಂಬ ತೀರ್ಮಾನಕ್ಕೆ ಹೋಗುವುದು ಸಲ್ಲದು. ಎರಡು ಗುಂಪಿನ ಚಿಕಿತ್ಸೆಯಲ್ಲೂ ಮೆಟ್ರೊನಿಡಜೋಲ್ ಇರಲಿಲ್ಲ. ಇಲ್ಲದ ಮದ್ದಿನ ಗುಣವನ್ನು ಆ ಅಧ್ಯಯನ ಅಳೆದೂ ಇಲ್ಲ, ಅಳೆಯುವೆನೆಂದು ಹೇಳಿಯೂ ಇಲ್ಲ. ಮಲಗಿಸಬೇಕೇ ಬೇಡವೇ ಎಂಬುದಷ್ಟೇ ಅದರ ಪ್ರಶ್ನೆ. (ಸೌಮ್ಯ ಮತ್ತು ಮಧ್ಯಮ ಕಾಯಿಲೆಯವರನ್ನಷ್ಟೇ ಅದು ಸೇರಿಸಿಕೊಂಡಿತ್ತು ಎಂಬುದನ್ನು ಉದಾಹರಿಸುವವರು ಮತ್ತೆ ಮತ್ತೆ ಮರೆಯುತ್ತಾರೆ.)

ಪ್ರಶ್ನೆಯನ್ನು ನೇರವಾಗಿ ಕೇಳಿದ್ದು 2021ರಲ್ಲಿ ಪ್ರಕಟವಾದ, 233 ಮಹಿಳೆಯರ ಪ್ರಯೋಗ. ಎಲ್ಲರಿಗೂ ಸೆಫ್‌ಟ್ರಿಯಾಕ್ಸೋನ್ ಚುಚ್ಚುಮದ್ದು ಮತ್ತು 14 ದಿನದ ಡಾಕ್ಸಿಸೈಕ್ಲಿನ್. ಅರ್ಧದಷ್ಟು ಜನರಿಗೆ ಜೊತೆಯಲ್ಲಿ ಮೆಟ್ರೊನಿಡಜೋಲ್, ಉಳಿದವರಿಗೆ ಹುಸಿಮಾತ್ರೆ. ಮೂರನೆಯ ದಿನ ಎರಡು ಗುಂಪುಗಳೂ ಒಂದೇ ತೆರನಾಗಿ ಚೇತರಿಸಿದ್ದವು. ಅಲ್ಲಿಗೇ ಓದು ನಿಲ್ಲಿಸಿದವರಿಗೆ ಮೂರನೆಯ ಮದ್ದು ವ್ಯರ್ಥವೆಂದೇ ತೋರುತ್ತದೆ. ಮೂವತ್ತನೆಯ ದಿನದ ಚಿತ್ರ ಬೇರೆ: ಗರ್ಭಕೋಶದ ಒಳಪದರದಲ್ಲಿ ಆಮ್ಲಜನಕರಹಿತ ಬ್ಯಾಕ್ಟೀರಿಯಗಳು ಉಳಿದದ್ದು ಮೆಟ್ರೊನಿಡಜೋಲ್ ಪಡೆದ ಶೇ 8 ಜನರಲ್ಲಿ, ಪಡೆಯದ ಶೇ 21 ಜನರಲ್ಲಿ. ಒತ್ತಿದಾಗ ಶ್ರೋಣಿಯಲ್ಲಿ ನೋವು ಉಳಿದದ್ದು ಕ್ರಮವಾಗಿ ಶೇ 9 ಮತ್ತು ಶೇ 20 ಜನರಲ್ಲಿ. ಅಂದರೆ ಮೂರನೆಯ ದಿನದ ಪರೀಕ್ಷೆ ಹೇಳುವುದು ಚಿಕಿತ್ಸೆ ದಾರಿ ತಪ್ಪಿದೆಯೇ ಎಂಬುದನ್ನು. ಸೋಂಕು ಪೂರ್ತಿ ತೊಲಗಿತೆಂಬುದನ್ನಲ್ಲ.

ಈ ಚರ್ಚೆಯಲ್ಲಿ ಯಾರೂ ತೆರೆದು ನೋಡದ ಆಕರವೊಂದು ನಮ್ಮಲ್ಲೇ ಇದೆ. ಕೇಂದ್ರ ಆರೋಗ್ಯ ಸಚಿವಾಲಯ ಮತ್ತು ನ್ಯಾಕೊ 2007ರಲ್ಲಿ ಹೊರತಂದ ಮಾರ್ಗಸೂಚಿ 14 ದಿನದ ಮೆಟ್ರೊನಿಡಜೋಲನ್ನೂ ಮೂರು ದಿನದ ನಿಗಾವನ್ನೂ ವಿಧಿಸಿತ್ತು. ಅಮೆರಿಕದ ಸಿಡಿಸಿ ಆ ಮದ್ದನ್ನು ಐಚ್ಛಿಕವೆನ್ನುವುದನ್ನು ಕೈಬಿಟ್ಟದ್ದು 2021ರಲ್ಲಿ. ಸರ್ಕಾರಿ ಆಸ್ಪತ್ರೆಗಳ ಹಳದಿ ಬಣ್ಣದ ಆರನೇ ಕಿಟ್‌ನಲ್ಲಿ ಒಂದು ಸೆಫಿಕ್ಸಿಮ್ 400 ಮಿ.ಗ್ರಾಂ. ಮಾತ್ರೆ, 28 ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ., 28 ಮೆಟ್ರೊನಿಡಜೋಲ್ 400 ಮಿ.ಗ್ರಾಂ. ಇರುತ್ತವೆ. ಅದರ ದುರ್ಬಲ ಕೊಂಡಿ ಬಾಯಿ ಮೂಲಕ ಕೊಡುವ ಸೆಫಿಕ್ಸಿಮ್. ಸಿಡಿಸಿ 2012ರಲ್ಲೇ ಅದನ್ನು ಗೊನೊರಿಯಾದ ಮೊದಲ ಆಯ್ಕೆಯಿಂದ ತೆಗೆದಿತ್ತು. ಈಗ ಸಿಡಿಸಿ ಹೇಳುವುದು 500 ಮಿ.ಗ್ರಾಂ. ಸೆಫ್‌ಟ್ರಿಯಾಕ್ಸೋನ್ ಚುಚ್ಚುಮದ್ದು.

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಈ ಕ್ರಮ ಹೇಗೆ ನಡೆಯಬೇಕೆಂಬುದಕ್ಕೆ ಒಂದು ಕಲ್ಪಿತ ಪ್ರಕರಣ. ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಸಿದ್ದಾಪುರದ ಹಳ್ಳಿಯೊಂದರ ಮಹಿಳೆ ಕಿಬ್ಬೊಟ್ಟೆ ನೋವು, ಬಿಳಿಸೆರಗು, ಸಣ್ಣ ಜ್ವರ ಎಂದು ಆಸ್ಪತ್ರೆಗೆ ಬರುತ್ತಾಳೆ. ಮೊದಲು ಗರ್ಭಪರೀಕ್ಷೆ: ಗರ್ಭನಾಳದಲ್ಲಿ ನಿಂತ ಗರ್ಭವೂ ಇದೇ ನೋವು ಕೊಡುತ್ತದೆ, ಗರ್ಭಿಣಿಗೆ ಡಾಕ್ಸಿಸೈಕ್ಲಿನ್ ಕೊಡುವಂತಿಲ್ಲ. ಒಳಪರೀಕ್ಷೆಯಲ್ಲಿ ಗರ್ಭಕಂಠ ಅಲುಗಿಸಿದರೆ ನೋವು. ಕೀವುಗಡ್ಡೆಯ ಸುಳಿವಿಲ್ಲ, ವಾಂತಿಯಿಲ್ಲ, ಮಾತ್ರೆ ನುಂಗಬಲ್ಲಳು. ಹೊರರೋಗಿ ಚಿಕಿತ್ಸೆಗೆ ಅಷ್ಟು ಸಾಕು. ಹಿಂದಿನ ಎರಡು ತಿಂಗಳ ಸಂಗಾತಿಗೂ ಚಿಕಿತ್ಸೆ ಬೇಕು.

ಮೂರನೆಯ ದಿನ ಜ್ವರ ಇಳಿದು, ಹೊಟ್ಟೆಯ ಮತ್ತು ಗರ್ಭಕಂಠದ ನೋವು ತಗ್ಗಿದ್ದರೆ ಅದೇ ಮದ್ದು ಮುಂದುವರಿಯುತ್ತದೆ. ತಗ್ಗದಿದ್ದರೆ ಮಾತ್ರೆ ಬದಲಿಸುತ್ತ ಕೂರದೆ ದಾಖಲಿಸಿ ಅಲ್ಟ್ರಾಸೌಂಡ್ ಮಾಡಿಸಬೇಕು: ಕೀವುಗಡ್ಡೆ, ಅಪೆಂಡಿಸೈಟಿಸ್, ಜನನಾಂಗದ ಕ್ಷಯ ಯಾವುದೂ ಇರಬಹುದು. ಜ್ವರದ ಜೊತೆ ತೀವ್ರ ತಲೆನೋವು, ಮೈಕೈ ನೋವಿದ್ದರೆ ಸಿದ್ದಾಪುರದಲ್ಲಿ ಮಂಗನ ಕಾಯಿಲೆಯನ್ನೂ ನೆನೆಯಬೇಕು. ವಂಕಿ ಹಾಕಿಸಿಕೊಂಡಿದ್ದರೆ ಅದನ್ನು ತೆಗೆಯುವ ಯೋಚನೆಯೂ ಆಗಲೇ.

ಚೇತರಿಸಿದವಳಲ್ಲೇ ಇನ್ನೊಂದು ಅಪಾಯ. ನೋವು ಹೋಗಿದೆ, ಮೆಟ್ರೊನಿಡಜೋಲ್ ಬಾಯಿಗೆ ಲೋಹದ ರುಚಿ ತರುತ್ತದೆ, ವಾಕರಿಕೆ ಬರಿಸುತ್ತದೆ. ಆಕೆ ಬಿಡುವುದು ಅದನ್ನೇ. ಆದ್ದರಿಂದ ಮೂರನೆಯ ದಿನ ಆಕೆಯ ಕೈಯಲ್ಲಿ 22 ಮೆಟ್ರೊನಿಡಜೋಲ್ ಮಾತ್ರೆ ಉಳಿದಿವೆಯೇ ಎಂದು ಎಣಿಸಿ ನೋಡಿ, ಹದಿನಾಲ್ಕನೆಯ ದಿನದವರೆಗೂ ಊಟದ ಜೊತೆ ನುಂಗಬೇಕೆಂದು ಹೇಳಿ ಕಳಿಸುವುದು ವೈದ್ಯರ ಕೆಲಸ.