ಪ್ರತಿರಕ್ಷಾ ವಿನಾಯಿತಿ ತಾಣಗಳು

ಬೇರೊಬ್ಬರ ಅಂಗಾಂಶವನ್ನು ಕಸಿ ಮಾಡಿದಾಗ ದೇಹ ಅದನ್ನು ಬೇಗ ತಿರಸ್ಕರಿಸದ ಜಾಗಗಳಿಗೆ ಈ ಹೆಸರು. ಕಣ್ಣಿನ ಮುಂಭಾಗ, ಮಿದುಳು ಮತ್ತು ವೃಷಣ ಇವುಗಳಲ್ಲಿ ಮುಖ್ಯವಾದವು.

1948ರಲ್ಲಿ ಪೀಟರ್ ಮೆಡಾವರ್ ಮೊಲಗಳ ಮಿದುಳಿನಲ್ಲಿ ಬೇರೆ ಮೊಲದ ಚರ್ಮದ ತುಣುಕು ಇಟ್ಟರು, ಅದು ಉಳಿಯಿತು. ಆದರೆ ಅದೇ ದಾನಿಯ ಚರ್ಮವನ್ನು ಮೊದಲೇ ಮೈಮೇಲೆ ಕಸಿ ಮಾಡಿಸಿಕೊಂಡಿದ್ದ ಮೊಲದಲ್ಲಿ ಮಿದುಳಿನ ತುಣುಕೂ ನಾಶವಾಯಿತು. ಅಂದರೆ ದಾಳಿ ಮಿದುಳನ್ನು ತಲುಪಬಲ್ಲದು, ದಾಳಿಗೆ ಕರೆ ಮಾತ್ರ ಅಲ್ಲಿಂದ ಹೊರಡುವುದು ಕಷ್ಟ. ಮಿದುಳಿಗೆ ದುಗ್ಧನಾಳಗಳಿಲ್ಲದಿರುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. 2015ರಲ್ಲಿ ಇಲಿಗಳ ಮಿದುಳಿನ ಹೊದಿಕೆಯಲ್ಲಿ ಅಂಥ ನಾಳಗಳನ್ನು ಸ್ಪಷ್ಟವಾಗಿ ತೋರಿಸಿದ ಮೇಲೆ, ನಾಳಗಳಿಲ್ಲವೆಂಬ ಕಾರಣದಿಂದ ಈ ವಿನಾಯಿತಿಯನ್ನು ವಿವರಿಸಲು ಆಗದು.

ಕಣ್ಣಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1905ರಲ್ಲಿ ಎಡ್ವರ್ಡ್ ಜಿರ್ಮ್ ಸುಣ್ಣದಿಂದ ಸುಟ್ಟ ಕಣ್ಣುಗಳಿಗೆ ಇನ್ನೊಬ್ಬರ ಕಾರ್ನಿಯ ಕಸಿ ಮಾಡಿದಾಗ, ಪ್ರತಿರಕ್ಷೆ ಕುಗ್ಗಿಸುವ ಔಷಧಗಳೇ ಇರಲಿಲ್ಲ. ಆದರೂ ಒಂದು ಕಣ್ಣು ತಿಳಿಯಾಗಿ ಉಳಿಯಿತು. ಆರೋಗ್ಯವಂತ ಕಾರ್ನಿಯದಲ್ಲಿ ರಕ್ತನಾಳವೂ ಇಲ್ಲ, ದುಗ್ಧನಾಳವೂ ಇಲ್ಲ. ಅದರ ಜೀವಕೋಶಗಳ ಮೇಲೆ ಫ್ಯಾಸ್ ಲಿಗಂಡ್ ಎಂಬ ಪ್ರೋಟೀನಿದ್ದು, ಒಳನುಗ್ಗಿದ ಟಿ-ಕೋಶಗಳು ಅದು ತಾಗಿದರೆ ಸಾಯುತ್ತವೆ. ಈ ಪ್ರೋಟೀನಿಲ್ಲದ ಕಾರ್ನಿಯವನ್ನು ಇಲಿಗಳು ಹೆಚ್ಚಾಗಿ ತಿರಸ್ಕರಿಸುತ್ತವೆ. ಕಾರ್ನಿಯದ ಹಿಂದಿನ ದ್ರವದಲ್ಲಿ ಪ್ರತಿರಕ್ಷೆಯನ್ನು ತಣಿಸುವ ಟಿಜಿಎಫ್-ಬೀಟಾ ಇದೆ. ಇದಕ್ಕಿಂತ ಸ್ವಾರಸ್ಯದ ಸಂಗತಿ ಗುಲ್ಮದ್ದು. ಕಣ್ಣಿನೊಳಗಿನ ಪರವಸ್ತುವಿನ ಗುರುತನ್ನು ಹೊತ್ತ ಕೋಶಗಳು ರಕ್ತದ ಮೂಲಕ ಗುಲ್ಮ ಸೇರಿ, ಅಲ್ಲಿ ದಾಳಿಯನ್ನು ತಡೆಯುವ ನಿಯಂತ್ರಕ ಟಿ-ಕೋಶಗಳನ್ನು ಹುಟ್ಟಿಸುತ್ತವೆ. ಮೊದಲೇ ಗುಲ್ಮ ತೆಗೆದ ಇಲಿಗಳಲ್ಲಿ ಈ ತಡೆ ಬೆಳೆಯುವುದಿಲ್ಲ. ಹೀಗಾಗಿ ಈ ಸಹನೆ ಕಣ್ಣಿನ ಕುರುಡುತನವಲ್ಲ, ದೇಹವೇ ಕಲಿತ ಪ್ರತಿಕ್ರಿಯೆ.

ಸೋಂಕು ಅಥವಾ ರಾಸಾಯನಿಕ ಸುಡುಗಾಯದಿಂದ ಕಾರ್ನಿಯದೊಳಗೆ ನಾಳಗಳು ಬೆಳೆದರೆ ವಿನಾಯಿತಿ ಸಡಿಲಗೊಳ್ಳುತ್ತದೆ. ಆಗ ಕಸಿಯ ಅಂಚಿನಿಂದ, ಸಾಮಾನ್ಯವಾಗಿ ನಾಳವಿರುವ ಕಡೆಯಿಂದ, ಒಳಪದರದ ಮೇಲೆ ಬಿಳಿಕೋಶಗಳ ಗೆರೆಯೊಂದು ಮಧ್ಯದತ್ತ ಸರಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಇದಕ್ಕೆ ಖೊದಾದೂಸ್ತ್ ಗೆರೆ ಎನ್ನುತ್ತಾರೆ. ಗೆರೆ ದಾಟಿದ ಜಾಗ ನೀರು ತುಂಬಿ ಮಸುಕಾಗುತ್ತದೆ. ಆ ಒಳಪದರದ ಕೋಶಗಳು ಮನುಷ್ಯರಲ್ಲಿ ಮತ್ತೆ ಬೆಳೆಯವು. ಆದ್ದರಿಂದ ಕಸಿ ಮಾಡಿಸಿಕೊಂಡವರ ಕಣ್ಣು ಕೆಂಪಾದರೆ, ದೃಷ್ಟಿ ಮಂದವಾದರೆ, ಬೆಳಕು ಚುಚ್ಚಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಬೇಗ ಗುರುತಿಸಿದರೆ ಪದೇಪದೇ ಹಾಕುವ ಸ್ಟೆರಾಯ್ಡ್ ಹನಿಗಳಿಂದ ಹಲವು ಕಸಿಗಳನ್ನು ಉಳಿಸಬಹುದು.

ವೃಷಣದ ವಿನಾಯಿತಿ ಕಸಿಗಾಗಿ ಹುಟ್ಟಿದ್ದಲ್ಲ. ಪ್ರತಿರಕ್ಷಾ ವ್ಯವಸ್ಥೆ ತನ್ನವರನ್ನು ಗುರುತಿಸಲು ಕಲಿತ ಎಷ್ಟೋ ವರ್ಷಗಳ ನಂತರ, ಹದಿಹರೆಯದಲ್ಲಿ, ವೀರ್ಯಾಣುಗಳು ಹೊಸ ಪ್ರೋಟೀನುಗಳೊಂದಿಗೆ ಹುಟ್ಟುತ್ತವೆ. ಸರ್ಟೋಲಿ ಕೋಶಗಳು ಬಿಗಿಯಾಗಿ ಕೂಡಿಕೊಂಡು ಅವನ್ನು ಮರೆಯಲ್ಲಿಡುತ್ತವೆ, ಜೊತೆಗೆ ಸುತ್ತಲಿನ ಪ್ರತಿರಕ್ಷೆಯನ್ನು ತಗ್ಗಿಸುವ ಪದಾರ್ಥಗಳನ್ನೂ ಸ್ರವಿಸುತ್ತವೆ. ವ್ಯಾಸೆಕ್ಟಮಿಯ ನಂತರ ವೀರ್ಯಾಣುಗಳು ನಾಳದಿಂದ ಸೋರಿ ಹೊರಬಂದಾಗ, ಅನೇಕ ಪುರುಷರ ರಕ್ತದಲ್ಲಿ ಅವುಗಳ ವಿರುದ್ಧ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ.