ಅನೊಮಿಗೆ ಒಂದು ಕನ್ನಡದ ಮಾತು

ಅನೊಮಿ ಎಂಬ ಪದ ಮೊದಲ ಸಲ ಕಿವಿಗೆ ಬಿದ್ದಾಗ ನಾವು ಕನ್ನಡಿಗರು ಅದನ್ನು ಸೀದಾ ಅನಾಮಿಕದ ಪಕ್ಕಕ್ಕೆ ಕೂರಿಸಿಬಿಡುತ್ತೇವೆ. ಸಮಾಜಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ‘ನಗರದಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರುವುದಿಲ್ಲ, ಇದೇ ಅನೊಮಿ’ ಎಂದು ಬರೆದಿದ್ದನ್ನು ಓದಿ ನಾನು ನಕ್ಕದ್ದುಂಟು. ಆದರೆ ತಪ್ಪು ಮಾಡಿದವರ ಕಿವಿ ಚುರುಕಾಗಿಯೇ ಇತ್ತು, ದಾರಿ ತಪ್ಪಿಸಿದ್ದು ಧ್ವನಿಸಾಮ್ಯ. ಅನಾಮಿಕದಲ್ಲಿ ಇಲ್ಲದ್ದು ನಾಮ, ಅದಕ್ಕೇ ಉಂಗುರದ ಬೆರಳು ಹೆಸರಿಲ್ಲದ್ದೆಂಬುದನ್ನೇ ಹೆಸರು ಮಾಡಿಕೊಂಡು ಅನಾಮಿಕೆಯಾಗಿದೆ. ಅನೊಮಿಯಲ್ಲಿ ಇಲ್ಲದ್ದು ಗ್ರೀಕರ ನೊಮೊಸ್. ಎರಡರ ತಲೆಯ ಮೇಲೂ ಕೂತಿರುವ ‘ಅ’ ಮಾತ್ರ ಒಂದೇ ಮನೆತನದ್ದು, ನಮ್ಮ ಅಧರ್ಮ, ಅನ್ಯಾಯಗಳ ‘ಅ’ದ ದಾಯಾದಿ.

ನೊಮೊಸ್ ಎಂದರೆ ಕಾನೂನು ಎಂದು ನಿಘಂಟುಗಳು ಒಂದೇ ಮಾತಿನಲ್ಲಿ ಮುಗಿಸುತ್ತವೆ. ಆದರೆ ಅದರ ಬೇರು ನೆಮೆಯ್ನ್ ಎಂಬ ಧಾತು. ಹಂಚು, ಪಾಲು ಮಾಡಿ ಕೊಡು, ಮೇಯಿಸು ಎಂಬೆಲ್ಲ ಅರ್ಥಗಳು ಅಲ್ಲಿ ಒಟ್ಟಿಗೇ ಇವೆ. ಸ್ವರಭಾರ ಸ್ವಲ್ಪ ಸರಿದರೆ ಅದೇ ನೊಮೊಸ್ ಹುಲ್ಲುಗಾವಲಾಗುತ್ತದೆ. ದನ ಮೇಯಿಸುತ್ತ ತಿರುಗುವ ನೊಮ್ಯಾಡ್ ಆ ಕಡೆಯಿಂದ ಬಂದವನು, ಮನೆವಾರ್ತೆಯ ಪಾಲುಪಟ್ಟಿಯಾದ ಎಕಾನಮಿ ಈ ಕಡೆಯದು. ಕಾನೂನು ಎಂಬ ಅರ್ಥ ಆಮೇಲೆ ಮೇಲೇರಿ ಕೂತದ್ದು. ಯಾರಿಗೆ ಎಷ್ಟು, ಯಾವಾಗ, ಯಾವ ಲೆಕ್ಕದಲ್ಲಿ ಎಂಬುದು ಊರಿಗೆಲ್ಲ ಗೊತ್ತಿರುವ ಸ್ಥಿತಿಯೇ ಮೊದಲ ನೊಮೊಸ್. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಹುಡುಕಿದರೆ ಶಾಸನ, ವಿಧಿಗಳಿಗಿಂತ ಮೊದಲು ಸಿಗುವುದು ಪಡಿ: ಅಳೆಯುವ ಪಾತ್ರೆಯೂ ಅದೇ, ಅಳೆದು ಕೊಟ್ಟ ಪಾಲೂ ಅದೇ. ಪಡಿತರವೆಂದು ನ್ಯಾಯಬೆಲೆ ಅಂಗಡಿಯ ಮುಂದೆ ಇಂದಿಗೂ ಸಾಲಿನಲ್ಲಿ ನಿಂತಿರುವುದು ಆ ಪದವೇ.

ಯಹೂದಿ ಧರ್ಮಗ್ರಂಥದ ಗ್ರೀಕ್ ಅನುವಾದದಲ್ಲೂ ಹೊಸ ಒಡಂಬಡಿಕೆಯಲ್ಲೂ ಅನೊಮಿಯಾ ಎಂದರೆ ಅಧರ್ಮ, ಪಾಪ. 16ನೇ ಶತಮಾನದ ಇಂಗ್ಲಿಷಿನಲ್ಲಿ ಅದು ಅವ್ಯವಸ್ಥೆ, ಅನಿಶ್ಚಿತತೆಗಳ ಹೆಸರಾಗಿ ಕೆಲಕಾಲ ಬಾಳಿ ಮಂಕಾಯಿತು. ಮತ್ತೆ ಎಬ್ಬಿಸಿದವನು ಫ್ರಾನ್ಸಿನ ಝಾನ್ ಮರಿ ಗ್ಯುಯೊ, 1885ರಲ್ಲಿ. ತಮಾಷೆಯೆಂದರೆ ಅವನಿಗೆ ಇದು ಹೊಗಳಿಕೆಯ ಮಾತು. ಹೊರಗಿನ ವಿಧಿನಿಷೇಧಗಳ ಹಂಗಿಲ್ಲದೆ ಮನುಷ್ಯ ತನ್ನ ನೀತಿಯನ್ನು ತಾನೇ ಕಂಡುಕೊಳ್ಳುವ ಮುಂದಿನ ಕಾಲವನ್ನು ಅವನು ಅನೊಮಿ ಎಂದ. ಅವನನ್ನು ಓದಿದ ಎಮಿಲ್ ಡರ್ಕೈಮ್ ಪದವನ್ನು ಇಟ್ಟುಕೊಂಡು ಹೊಗಳಿಕೆಯನ್ನು ಬಿಟ್ಟ. 1893ರ ಶ್ರಮವಿಭಜನೆಯ ಗ್ರಂಥದಲ್ಲಿ ಅನೊಮಿ ರೋಗಲಕ್ಷಣವಾಯಿತು, 1897ರ ಆತ್ಮಹತ್ಯೆಯ ಅಧ್ಯಯನದಲ್ಲಿ ರೋಗವೇ ಆಯಿತು.

ಆ ಎರಡನೆಯ ಪುಸ್ತಕದ ಲೆಕ್ಕವೊಂದನ್ನು ಇಲ್ಲಿ ಬಿಡಿಸಿ ನೋಡಬೇಕು. 1873ರಲ್ಲಿ ವಿಯೆನ್ನಾದ ಷೇರುಪೇಟೆ ಕುಸಿಯಿತು. ಅಲ್ಲಿ 1872ರಲ್ಲಿ 141 ಇದ್ದ ಆತ್ಮಹತ್ಯೆಗಳು ಆ ವರ್ಷ 153, ಮರುವರ್ಷ 216 ಆದವು. ಬಡತನ ಬಂತು, ಸತ್ತರು ಎನ್ನುವುದು ಸುಲಭದ ವಿವರಣೆ. ಡರ್ಕೈಮ್ ಅದನ್ನು ಒಪ್ಪಲಿಲ್ಲ, ಏಕೆಂದರೆ ಏಕೀಕರಣದ ನಂತರ ಕೈ ತುಂಬ ಸಂಪಾದಿಸತೊಡಗಿದ ಇಟಲಿಯಲ್ಲೂ ಸಂಖ್ಯೆ ಏರಿತ್ತು, ಅದೇ ದೇಶದ ಬಡ ಕಲಾಬ್ರಿಯಾದಲ್ಲಿ ಮಾತ್ರ ತೀರಾ ಕಡಿಮೆ ಇತ್ತು. ಹಾಗಾದರೆ ಕೊಲ್ಲುವುದು ಇಲ್ಲದಿರುವಿಕೆಯಲ್ಲ. ಏರಲಿ ಇಳಿಯಲಿ, ‘ನನ್ನಂಥವನಿಗೆ ಇಷ್ಟು’ ಎಂಬ ಅಳತೆ ಒಮ್ಮೆಲೇ ಕೆಡುವುದು. ಬಡವನಿಗೆ ಆಸೆಯ ಎಲ್ಲೆ ಅವನ ಜೇಬೇ ಆಗಿರುವುದರಿಂದ ಬಡತನ ಒಂದು ಬಗೆಯ ಕಾಪು ಎಂದ ಡರ್ಕೈಮ್. ಓದಲು ಕಠಿಣವಾದ ಮಾತು, ಬಡತನವನ್ನು ದೂರದಿಂದ ನೋಡಿದವನ ಮಾತೂ ಹೌದು. ಆದರೂ ಕೈಗೆತ್ತಿಕೊಂಡ ಸಂಗತಿಗೆ ಅದು ಬೇಕು.

ಈ ಅಳತೆ ಕೆಡುವುದು ನಮ್ಮಲ್ಲಿ ಕಾಣುವುದು ಕೆಲಸಕ್ಕಾಗಿ ಕಾಯುವವರಲ್ಲಿ, ಹಾಗಾಗಿ ಈಗ ಉದ್ಯೋಗ ಎಂಬ ನಮ್ಮ ಪದಕ್ಕೆ ಬರೋಣ. ಉದ್ಯೋಗ ಎಂದರೆ ಹಿಂದೆ ನೌಕರಿಯಲ್ಲ. ಯುಜ್ ಎಂಬ ಧಾತುವಿಗೆ ‘ಉತ್’ ಸೇರಿ ಆದದ್ದು: ಮೇಲೆದ್ದು ತೊಡಗುವುದು, ಪ್ರಯತ್ನ, ಸನ್ನಾಹ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ಸಂಬಳವಿಲ್ಲ. ಅಲ್ಲಿರುವುದು ಸಂಧಾನದ ಓಡಾಟ ಮತ್ತು ಯುದ್ಧದ ಸಿದ್ಧತೆ. ಹಾಗಾಗಿ ಹಳೆಯ ಸಂಸ್ಕೃತದಲ್ಲಿ ನಿರುದ್ಯೋಗಿ ಎಂದರೆ ಪ್ರಯತ್ನವಿಲ್ಲದವನು, ಆಲಸಿ. ‘ಉದ್ಯೋಗಂ ಪುರುಷಲಕ್ಷಣಂ’ ಎಂದು ಹಿರಿಯರು ಹೇಳುವಾಗ ಮೊದಲಿದ್ದ ಅರ್ಥ ದುಡಿಮೆಯ ಹುರುಪು. ಸಂಬಳದ ಕೆಲಸಕ್ಕೆ ಆ ಪದ ಜಾರಿದ ಮೇಲೆ ಅದೇ ಗಾದೆ ಕೆಲಸ ಸಿಗದ ಹುಡುಗನ ಮುಖಕ್ಕೆ ಹೊಡೆಯುವ ಮಾತಾಯಿತು. ಇಂದಿನ ನಿರುದ್ಯೋಗಿಯಾದರೋ ಹಳೆಯ ಅರ್ಥದಲ್ಲಿ ಮಹಾ ಉದ್ಯೋಗಿ. ಕೆಲಸ ಹುಡುಕುತ್ತಲೋ ಕೆಲಸಕ್ಕೆ ಸಿದ್ಧನೆನ್ನುತ್ತಲೋ ಇದ್ದು, ಸಿಗದೆ ಇದ್ದರೆ ಮಾತ್ರ ಸರ್ಕಾರದ ಸಮೀಕ್ಷೆ ಅವನನ್ನು ಆ ಪಟ್ಟಿಗೆ ಸೇರಿಸುತ್ತದೆ. ಹುಡುಕುವುದನ್ನೂ ಬಿಟ್ಟು ಸಿದ್ಧನೂ ಅಲ್ಲದವನು ಆ ಲೆಕ್ಕದಿಂದಲೇ ಹೊರಗೆ. ಕರ್ನಾಟಕದ ಯುವನಿಧಿ ಯೋಜನೆ ಇದಕ್ಕೊಂದು ದಿನಗಣನೆಯನ್ನೂ ಇಟ್ಟಿತು: ಪದವಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಕಾಯುವಿಕೆ ಯಾವತ್ತು ನಿರುದ್ಯೋಗವಾಗುತ್ತದೆ ಎಂಬುದಕ್ಕೂ ಹೀಗೊಂದು ಪಡಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ದೆಹಲಿಯ ಮಾನವಾಭಿವೃದ್ಧಿ ಸಂಸ್ಥೆಯೂ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ ಯುವಜನರ ನಿರುದ್ಯೋಗ 2000ದಲ್ಲಿ ಶೇ 5.7 ಇದ್ದದ್ದು 2019ಕ್ಕೆ ಶೇ 17.5ಕ್ಕೆ ಏರಿ, ಆಮೇಲೆ ಇಳಿಯಿತು. 2022ರಲ್ಲಿ ಪದವೀಧರ ಯುವಜನರಲ್ಲಿ ಅದು ಶೇ 29.1, ಓದುಬರಹ ಬಾರದವರಲ್ಲಿ ಶೇ 3.4. ಕಲಿತವರಿಗಿಂತ ಕಲಿಯದವರ ಪಾಡು ಚೆನ್ನಾಗಿದೆ ಎಂದು ಇದನ್ನು ಓದಬಾರದು. ಕಲಿಯದವನಿಗೆ ನಿರುದ್ಯೋಗಿಯಾಗಿರುವ ಅನುಕೂಲವೇ ಇಲ್ಲ, ಸಂಜೆಯ ಕೂಳಿಗಾಗಿ ಸಿಕ್ಕ ಗಾರೆಕೆಲಸಕ್ಕೆ ಹೋಗಿಬಿಡುತ್ತಾನೆ. ಕಾಯಬಲ್ಲವನು ಮನೆಯಲ್ಲಿ ಒಂದೆರಡು ಎಕರೆಯೋ ಅಪ್ಪನ ಪಿಂಚಣಿಯೋ ಇರುವ, ಪದವಿಯ ಕಾಗದ ಕೈಯಲ್ಲಿರುವ ಹುಡುಗ. ಆ ಕಾಗದ ಅವನಿಗೊಂದು ಪಾಲಿನ ಮಾತು ಕೊಟ್ಟಿತ್ತು. ವಿಯೆನ್ನಾ ಮತ್ತು ಕಲಾಬ್ರಿಯಾಗಳ ನಡುವಿನ ಅಂತರ ನಮ್ಮಲ್ಲಿ ಒಂದೇ ಬೀದಿಯಲ್ಲಿ ಹೀಗೆ ಕಾಣಿಸಿಕೊಳ್ಳುತ್ತದೆ.

ಅಮೆರಿಕದ ರಾಬರ್ಟ್ ಮರ್ಟನ್ 1938ರಲ್ಲಿ ಪದವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ. ಡರ್ಕೈಮನಿಗೆ ಆಸೆಗೆ ಎಲ್ಲೆಯಿಲ್ಲದಿರುವುದು ಅನೊಮಿಯಾದರೆ, ಇವನಿಗೆ ಸಮಾಜ ಗುರಿಯನ್ನು ಎಲ್ಲರಿಗೂ ಒಂದೇ ಎಂದು ಸಾರಿ ಅಲ್ಲಿಗೆ ಹೋಗುವ ನೇರದಾರಿಯನ್ನು ಕೆಲವರಿಗಷ್ಟೇ ತೆರೆದಿಡುವುದು ಅನೊಮಿ. ಅಂಥಲ್ಲಿ ಕೆಲವರು ಕಳ್ಳದಾರಿ ಕಂಡುಹಿಡಿಯುತ್ತಾರೆ, ಕೆಲವರು ಗುರಿಯ ಆಸೆ ಬಿಟ್ಟು ವ್ರತದ ಹಾಗೆ ದಾರಿಯನ್ನಷ್ಟೇ ಸವೆಸುತ್ತಾರೆ, ಕೆಲವರು ಎರಡನ್ನೂ ಬಿಟ್ಟು ಮರೆಗೆ ಸರಿಯುತ್ತಾರೆ, ಕೆಲವರು ತಿರುಗಿ ಬೀಳುತ್ತಾರೆ. ನಮ್ಮ 545 ಪಿಎಸ್‌ಐ ಹುದ್ದೆಗಳ ಕತೆಯನ್ನು ಇದರ ಪಕ್ಕದಲ್ಲಿಡಿ. 2021ರ ಅಕ್ಟೋಬರಿನಲ್ಲಿ 50,000ಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಬ್ಲೂಟೂತ್‌ನಲ್ಲಿ ಉತ್ತರ ಕೇಳಿಸಿಕೊಂಡ, ಒಎಂಆರ್ ಹಾಳೆ ತಿದ್ದಿಸಿದ ಆರೋಪಗಳು ಎದ್ದು 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

ಇಲ್ಲಿ ಅನೊಮಿ ಎಲ್ಲಿದೆ? ಬ್ಲೂಟೂತ್‌ನಲ್ಲಿ ಎಂದು ಪತ್ರಿಕೆ ಓದುವವರು ಹೇಳುತ್ತಾರೆ. ಅದು ಮರ್ಟನ್ ಹೇಳಿದ ಕಳ್ಳದಾರಿ, ಅಪರಾಧ, ಅದಕ್ಕೆ ಪೊಲೀಸರಿದ್ದಾರೆ. ನನಗೆ ಅನೊಮಿ ಕಾಣುವುದು ಪ್ರಾಮಾಣಿಕವಾಗಿ ಬರೆದು ಆಯ್ಕೆಪಟ್ಟಿಗೆ ಬಂದಿದ್ದವನಲ್ಲಿ. ಅವನು ತಪ್ಪು ಮಾಡಿಲ್ಲ, ಸೋತೂ ಇಲ್ಲ, ಆದರೂ ಇಷ್ಟು ಓದಿದರೆ ಇಷ್ಟು ಸಿಗುತ್ತದೆ ಎಂಬ ಲೆಕ್ಕ ಅವನ ಪಾಲಿಗೆ ಅಳಿಸಿಹೋಯಿತು. ಮುಂದಿನ ಸಲ ಪಾಸಾದ ಗೆಳೆಯನನ್ನೂ ಅವನು ಓದಿ ಪಾಸಾದನೋ ಕೊಟ್ಟು ಪಾಸಾದನೋ ಎಂದು ನೋಡುತ್ತಾನೆ. ಹುದ್ದೆಯ ಕೊರತೆ ನಿರುದ್ಯೋಗ. ಈ ಅನುಮಾನ ಅನೊಮಿ.

ಧಾರವಾಡದ ಸಪ್ತಾಪುರದ ಓದುಕೋಣೆಯೊಂದರಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಉದ್ದನೆಯ ಹಲಗೆಯನ್ನು ಪ್ಲೈವುಡ್ಡಿನಿಂದ ಗೂಡುಗೂಡಾಗಿ ಕತ್ತರಿಸಿದ್ದರು, ಪ್ರತಿ ಗೂಡಿನಲ್ಲಿ ಒಂದು ಪ್ಲಗ್ಗು, ಒಂದು ನೀರಿನ ಬಾಟಲಿ, ಗೋಡೆಗೆ ಅಂಟಿಸಿದ ಒಂದು ವೇಳಾಪಟ್ಟಿ. ಪಕ್ಕದ ಗೂಡಿನವನನ್ನು ಹೊರಗೆ ಚಹಾದ ಹೊತ್ತಿಗೆ ಕೇಳಿದೆ, “ಏನ್ ಮಾಡ್ಕೊಂಡೀಯಪ್ಪಾ?” “ಓದಾಕತ್ತೀನ್ರೀ ಸರ.” “ಎಷ್ಟು ವರ್ಷ ಆತು?” “ಡಿಗ್ರಿ ಮುಗದು ಆರು ವರ್ಷ ಆತ್ರೀ. ಇನ್ನೆರಡು ನೋಟಿಫಿಕೇಶನ್ ನೋಡ್ತೀನ್ರೀ, ಆಮ್ಯಾಲೆ ಏಜ್‌ಬಾರ್.” ಓದು ಎಂಬ ನಮ್ಮ ಹಳೆಯ ಕ್ರಿಯಾಪದ ಹೇಗೆ ಒಂದು ವೃತ್ತಿಯ ಹೆಸರಾಗಿದೆ ನೋಡಿ. ಊರಿಗೆ ಹೋದಾಗ ಮದುವೆಮನೆಯಲ್ಲಿ ಇದೇ ಉತ್ತರ ಅವನನ್ನು ಉಂಡಾಡಿ, ಪೋಲಿ, ಬೇಕಾರ್ ಎಂಬ ಮಾತುಗಳಿಂದ ಕಾಯುತ್ತದೆ. ಫಾರಸಿಯಿಂದ ಬಂದ ಈ ಬೇಕಾರ್‌ನ ‘ಬೇ’ಯೂ ಇಲ್ಲವೆನ್ನುವ ಉಪಸರ್ಗವೇ, ಅದರಲ್ಲಿ ‘ಬೇಕು’ ಕೇಳಿಸುವುದು ನಮ್ಮ ಕಿವಿಯ ಚೇಷ್ಟೆ. ಏಜ್‌ಬಾರ್ ಮಾತ್ರ ಎಲ್ಲೆಯಾಗಿ ಉಳಿದಿದೆ, ಅದೂ ಜಮೀನಿನ ಹದ್ದುಬಸ್ತಿನ ಕಲ್ಲಿನಂತೆ ಹೊರಗಿನವರು ನೆಟ್ಟದ್ದು.

ಕೆಲಸವಿಲ್ಲದ ಕಡೆಯಲ್ಲೆಲ್ಲ ಅನೊಮಿ ಎನ್ನುವುದೂ ಸಲ್ಲದು. ವಿಯೆನ್ನಾದ ಹತ್ತಿರದ ಮಾರಿಯೆಂಟಾಲ್ ಎಂಬ ಊರಿನ ಗಿರಣಿ ಮುಚ್ಚಿದಾಗ ಮರೀ ಯಾಹೋಡಾ ಮತ್ತು ಸಂಗಡಿಗರು ಅಲ್ಲಿ ಕುಳಿತು ಮಾಡಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಕೈಯಲ್ಲಿ ಗಡಿಯಾರ ಹಿಡಿದು ಬೀದಿಯಲ್ಲಿ ಗಂಡಸರ ನಡಿಗೆಯ ವೇಗವನ್ನು ಅಳೆದರು, ನಡಿಗೆ ನಿಧಾನವಾಗಿತ್ತು. ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಇಳಿದಿತ್ತು, ಹೊತ್ತೇನೋ ಬೇಕಾದಷ್ಟಿತ್ತು. ಕ್ರಿಸ್‌ಮಸ್‌ಗೆ ಮಕ್ಕಳು ಕೇಳಿದ ಉಡುಗೊರೆಗಳ ಬೆಲೆ ಅಕ್ಕಪಕ್ಕದ ಊರಿನ ಮಕ್ಕಳದ್ದಕ್ಕಿಂತ ಬಹಳ ಕಡಿಮೆ. ಅಲ್ಲಿ ಆಸೆಯೇ ಕುಗ್ಗಿತ್ತು, ಅದು ಬಸವಳಿಕೆ. ಸಪ್ತಾಪುರದ ಗೂಡಿನಲ್ಲಿ ಆಸೆ ಕುಗ್ಗಿಲ್ಲ, ನಡಿಗೆ ನಿಧಾನವಾಗಿಲ್ಲ, ಪುಸ್ತಕಗಳಂತೂ ರಾಶಿ ಬಿದ್ದಿವೆ. ಈ ಎರಡನ್ನು ಒಂದೇ ಹೆಸರಿನಿಂದ ಕರೆದರೆ ಪದ ಸವೆಯುತ್ತದೆ, ಔಷಧವೂ ತಪ್ಪುತ್ತದೆ.

ಹಾಗಾದರೆ ಕನ್ನಡದಲ್ಲಿ ಏನನ್ನೋಣ? ನಿಯಮರಾಹಿತ್ಯ ಎಂದರೆ ನಿಯಮವೇ ಇಲ್ಲವೆಂದಾಗುತ್ತದೆ. ಆ ಗೂಡಿನ ಹುಡುಗನಿಗೆ ನಿಯಮಗಳು ಹೊರಲಾರದಷ್ಟಿವೆ. ನನ್ನ ಮನಸ್ಸು ಹಳಗನ್ನಡದ ಅಳವು ಎಂಬಲ್ಲಿಗೆ ಹೋಗುತ್ತದೆ. ಅಳವು ಎಂದರೆ ಅಳತೆ, ಅಳವು ಎಂದರೆ ಶಕ್ತಿ. ‘ಇದು ನನ್ನ ಅಳವಿಗೆ ಮೀರಿದ್ದು’ ಎನ್ನುವಾಗ ಎರಡೂ ಒಟ್ಟಿಗೆ ಉಸಿರಾಡುತ್ತವೆ. ಅಳವಿನೊಳಗೆ ಬಂದದ್ದು ಅಳವಟ್ಟಿತು, ಅದರಿಂದಲೇ ನಮ್ಮ ಅಳವಡಿಸು. ಅಳತೆ ಕೆಟ್ಟರೆ ಶಕ್ತಿಯೂ ಕೆಡುತ್ತದೆಂದು ಡರ್ಕೈಮ್ ಒಂದು ಪುಸ್ತಕದಲ್ಲಿ ವಾದಿಸಿದ್ದನ್ನು ಈ ಒಂದು ಪದ ತನ್ನ ಎರಡು ಅರ್ಥಗಳಲ್ಲೇ ಹಿಡಿದಿಟ್ಟಿದೆ. ಅಳವುಗೇಡು ಎಂದರೆ ಹೇಗೆ ಎಂದು ಒಬ್ಬ ಗೆಳೆಯರಿಗೆ ಹೇಳಿದೆ. ಬೈಗುಳದ ಹಾಗೆ ಕೇಳಿಸುತ್ತದೆ ಎಂದರು. ಕೇಡಿನ ಮಾತಲ್ಲವೇ, ಸ್ವಲ್ಪ ಹಾಗೆಯೇ ಕೇಳಿಸಲಿ. ಆದರೂ ನಿಮ್ಮ ಸೀಮೆಯಲ್ಲಿ, ಓದಿ ಮುಗಿಸಿ ಊರ ಕಟ್ಟೆಯ ಮೇಲೆ ಕಾಯುತ್ತಿರುವವನ ಆ ಸ್ಥಿತಿಗೆ, ಅವನಿಗಲ್ಲ ಆ ಸ್ಥಿತಿಗೆ, ಬೈಗುಳವಲ್ಲದ ಮಾತೊಂದು ಇದ್ದರೆ ದಯವಿಟ್ಟು ತಿಳಿಸಿ.