ಹಾರನಹಳ್ಳಿಯ ಶಕವರ್ಷ: ಅಂಕಿಗಳ ಪರಿವರ್ತನೆ ಮತ್ತು ಸಂವತ್ಸರದ ಸಾಕ್ಷ್ಯ

ಶಾಸನಪಾಠಗಳನ್ನು ದತ್ತಾಂಶವಾಗಿ ಬಳಸುವ ಭಾಷಾಚರಿತ್ರೆಯ ಅಧ್ಯಯನದಲ್ಲಿ ಪ್ರತಿಯೊಂದು ರೂಪದ ಕಾಲವೂ ಅದಿರುವ ಶಾಸನದ ಶಕವರ್ಷವನ್ನು ಅವಲಂಬಿಸಿರುತ್ತದೆ. ಆ ವರ್ಷ ಕನ್ನಡ ಅಂಕಿಗಳಲ್ಲಿದ್ದಾಗ, ಗಣನೆಗೆ ಮೊದಲು ಅದನ್ನು ಸಾಮಾನ್ಯ ಅಂಕಿಗಳಿಗೆ ತರುವುದು ಕೇವಲ ಯಾಂತ್ರಿಕ ಕೆಲಸವೆಂದು ತೋರಬಹುದು. ಹಾಗಲ್ಲವೆಂಬುದನ್ನು ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವೇಚಿಸುತ್ತೇವೆ.

ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಪೆದ್ದಣ್ಣ ಹೆಗ್ಗಡೆ, ಸೋವಣ್ಣ ಮತ್ತು ಕೇಸಣ್ಣ ಎಂಬ ಸೋದರರು ಕಟ್ಟಿಸಿದರೆಂದೂ ಅದರ ಕಾಲ ಕ್ರಿ.ಶ. 1235 ಎಂದೂ ವಿದ್ವಾಂಸರು ಹೇಳುತ್ತಾರೆ. ಹಾಸನ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟವಾದವು. ಅಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ ಮತ್ತು ಅನುವಾದ ಬೇರೆಬೇರೆಯಾಗಿವೆ. ಲಿಪ್ಯಂತರದಿಂದ ವರ್ಷವನ್ನು ಎತ್ತಿಕೊಂಡವರಿಗೆ ಪರಿವರ್ತನೆಯ ಪ್ರಶ್ನೆ ಎದುರಾಗದು. ಕನ್ನಡ ಪಾಠವನ್ನು ಬೆರಳಚ್ಚಿಸಿಕೊಂಡವರಿಗೆ ಅಥವಾ ಯಂತ್ರದಿಂದ ಓದಿಸಿಕೊಂಡವರಿಗೆ ಅದು ಮೊದಲ ಹೆಜ್ಜೆಯಲ್ಲೇ ಎದುರಾಗುತ್ತದೆ.

ಯೂನಿಕೋಡ್‌ನಲ್ಲಿ ಕನ್ನಡದ ಹತ್ತು ಅಂಕಿಗಳು U+0CE6ರಿಂದ U+0CEFವರೆಗೆ ಅನುಕ್ರಮವಾಗಿವೆ. ಪೈಥಾನ್‌ನ `int("೧೧೫೭")` ಇವನ್ನು ನೇರವಾಗಿ 1157 ಎಂದು ಓದುತ್ತದೆ. ಆರ್ ಭಾಷೆಯ `as.numeric("೧೧೫೭")` ಎಚ್ಚರಿಕೆಯೊಂದನ್ನು ಕೊಟ್ಟು `NA` ಎನ್ನುತ್ತದೆ. ಒಂದೇ ದತ್ತಾಂಶ ಎರಡು ಕಡೆ ಎರಡು ಫಲ ಕೊಡಬಾರದೆಂದಾದರೆ ಪರಿವರ್ತನೆಯನ್ನು ಪ್ರತ್ಯೇಕ ಹಂತವಾಗಿಯೇ ಮಾಡಿ, ಮೂಲರೂಪವನ್ನು ಪಕ್ಕದ ಸ್ತಂಭದಲ್ಲಿ ಉಳಿಸಿಕೊಳ್ಳಬೇಕು.

```python
import re
m = str.maketrans("೦೧೨೩೪೫೬೭೮೯", "0123456789")
t = s.strip().translate(m)
ok = re.fullmatch("[0-9]+", t)
```

ಕೊನೆಯ ಸಾಲು ಅನಿವಾರ್ಯ. ಕನ್ನಡದ ಸೊನ್ನೆ ಮತ್ತು ಅನುಸ್ವಾರ (U+0C82) ಕಣ್ಣಿಗೆ ಒಂದೇ ಆಗಿ ಕಾಣುವುದರಿಂದ ೧೧೦೫ ಎಂಬುದರ ನಡುವೆ ಸೊನ್ನೆಯ ಬದಲು ಅನುಸ್ವಾರ ಸೇರಿಕೊಂಡಿರಬಹುದು. ಅಂಥ ನಮೂದು ಪರಿವರ್ತನೆಯ ನಂತರವೂ ಸಂಖ್ಯೆಯಾಗದು. ಅದನ್ನು ಮೌನವಾಗಿ ಕೈಬಿಟ್ಟರೆ ನಷ್ಟ ಎಲ್ಲ ಕಾಲಕ್ಕೂ ಸಮನಾಗಿ ಹಂಚಿಹೋಗುವುದಿಲ್ಲ. ಶಕ 1100ರಿಂದ 1109ರವರೆಗಿನ ಪ್ರತಿ ವರ್ಷದಲ್ಲೂ ಸೊನ್ನೆಯಿದೆ. ಎಂದರೆ ಇಮ್ಮಡಿ ಬಲ್ಲಾಳನ ಆಳ್ವಿಕೆಯ ಒಂದು ದಶಕವೇ ತೆಳುವಾಗುತ್ತದೆ. ಆಗ ಆ ದಶಕದಲ್ಲಿ ಒಂದು ರೂಪ ವಿರಳವಾಯಿತೆಂದು ಕಂಡರೆ, ಅದು ಭಾಷೆಯ ಬದಲಾವಣೆಯಲ್ಲದೆ ಅಂಕಿಯ ದೋಷವೂ ಆಗಿರಬಹುದು. ಆದ್ದರಿಂದ `ok` ಸಿಗದ ನಮೂದುಗಳನ್ನು ಬೇರೆ ಇಟ್ಟು ಕೈಯಿಂದ ನೋಡಬೇಕು.

ಇದಕ್ಕಿಂತ ಕಠಿಣವಾದುದು ಸಂಖ್ಯೆಯಾಗಿಯೇ ಪಾರಾಗಿಬಿಡುವ ತಪ್ಪು. ೬ ಮತ್ತು ೯ ಪರಸ್ಪರ ಬದಲಾದರೆ ಮೇಲಿನ ಪರೀಕ್ಷೆ ಅದನ್ನು ಕಾಣದು. ಇಲ್ಲಿ ನೆರವಿಗೆ ಬರುವುದು ಶಾಸನಕಾರರೇ ವರ್ಷದ ಜೊತೆಗೆ ಕೊಡುವ ಸಂವತ್ಸರದ ಹೆಸರು. ಹೊಯ್ಸಳರ ಕಾಲದ ದಾಕ್ಷಿಣಾತ್ಯ ಎಣಿಕೆಯಲ್ಲಿ, ಗತ ಶಕವರ್ಷ S ಆದರೆ ಅರವತ್ತರ ಚಕ್ರದಲ್ಲಿ ಸಂವತ್ಸರದ ಸ್ಥಾನ `(S + 11) % 60 + 1`. S = 1157 ಎಂದಿಟ್ಟರೆ 1168ನ್ನು 60ರಿಂದ ಭಾಗಿಸಿ ಉಳಿಯುವುದು 28; ಒಂದು ಕೂಡಿಸಿದರೆ 29, ಅದು ಮನ್ಮಥ. 1156ಕ್ಕೆ 28, ಅದು ಜಯ. ಕ್ರಿ.ಶ. 1235ರ ಮೊದಲ ತಿಂಗಳುಗಳು ಜಯಕ್ಕೂ ಚೈತ್ರದಿಂದಾಚೆಯವು ಮನ್ಮಥಕ್ಕೂ ಸೇರುತ್ತವೆ. ಹಾಗಾಗಿ ಶಕವರ್ಷಕ್ಕೆ 78 ಕೂಡಿಸುವ ರೂಢಿಯೂ ಮಾಸವನ್ನು ನೋಡದೆ ಪೂರ್ಣವಾಗದು.

ಬಂದ ಸ್ಥಾನ ಶಾಸನದ ಸಂವತ್ಸರಕ್ಕಿಂತ ಒಂದು ಮುಂದಿದ್ದರೆ, ಅಂಕಿ ತಪ್ಪೆಂದು ತಿದ್ದಲು ಹೊರಡಬಾರದು. ಶಾಸನ ಗತವರ್ಷವನ್ನಲ್ಲದೆ ವರ್ತಮಾನ ವರ್ಷವನ್ನು ಎಣಿಸಿರಬಹುದು. ೬ ಮತ್ತು ೯ರ ಗೊಂದಲವಾದರೆ ಬಿಡಿಯ ಸ್ಥಾನದಲ್ಲಿ 3ರ, ಹತ್ತರ ಸ್ಥಾನದಲ್ಲಿ 30ರ ಅಂತರ ಬರುತ್ತದೆ. ಎರಡೂ ಚಕ್ರದಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಆದರೆ ನೂರರ ಸ್ಥಾನದಲ್ಲಿ ಅಂತರ 300; ಅದು 60ರ ಐದು ಪಟ್ಟು. ೯೫೭ನ್ನು ೬೫೭ ಎಂದು ಓದಿದರೂ ಸೂತ್ರ ಕೊಡುವುದು ಅದೇ 9, ಅದೇ ಯುವ ಸಂವತ್ಸರ. ಇಲ್ಲಿ ಗಣಿತದ ಸಾಕ್ಷ್ಯ ಮುಗಿಯುತ್ತದೆ. ಅರಸನ ಹೆಸರು, ಲಿಪಿಯ ಮೋಡಿ, ಭಾಷಾರೂಪ ಇವುಗಳ ಕಡೆ ತಿರುಗಬೇಕು. ಅವುಗಳಲ್ಲಿ ಭಾಷಾರೂಪವನ್ನು ಆಧಾರವಾಗಿ ಹಿಡಿಯುವಾಗ ನಮಗೆ ವಿಶೇಷ ಎಚ್ಚರ ಬೇಕು. ರೂಪದ ಪ್ರಾಚೀನತೆಯಿಂದ ವರ್ಷವನ್ನು ತಿದ್ದಿ, ತಿದ್ದಿದ ವರ್ಷದಿಂದಲೇ ರೂಪದ ಪ್ರಾಚೀನತೆಯನ್ನು ಅಳೆದರೆ ವಾದ ತನ್ನನ್ನೇ ಸುತ್ತಿಕೊಳ್ಳುತ್ತದೆ. ಹೀಗೆ ತಿದ್ದಿದ ನಮೂದುಗಳಿಗೆ ಆಧಾರವನ್ನು ಗುರುತಿಸಿ, ಆ ರೂಪದ ಕಾಲಗಣನೆಯಿಂದ ಅವನ್ನು ಹೊರಗಿಡುವುದು ಸರಿಯಾದ ಕ್ರಮವೆಂದು ನಾವು ಭಾವಿಸುತ್ತೇವೆ.